ಹತ್ತು ಸಾವಿರ ಪೌಚ್ ಅಂದರೆ ಎಷ್ಟು ಕಿಲೋ?

17 ಜೂನ್ 2025, ಮಂಗಳವಾರ
ದಾವಣಗೆರೆ

ಸಂಜೆ ನಾಲ್ಕೂವರೆಗೆ ಮಂಡಕ್ಕಿ ಭಟ್ಟಿ ಸಾಹುಕಾರ್ರ ಫೋನು. ನಾನು ಡಿಸೈನ್ ಮಾಡುತ್ತಿರುವ ಖಾರ ಮಂಡಕ್ಕಿಯ ಹೊಸ ಪೌಚಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಯಿತು. ಕೊನೆಗೆ "ಎಲ್ಲಾ ಆತಲ್ರೀ, ಮುಂದಿನ ಶುಕ್ರವಾರ ಕಳ್ಸಿಬಿಡ್ರಿ" ಅಂತ ಇಟ್ಟರು.

ಮುಂದಿನ ಶುಕ್ರವಾರ ಅಂದರೆ 20ಕ್ಕೋ, 27ಕ್ಕೋ? ಕಳಿಸಬೇಕಾದ್ದು ಡಿಸೈನೋ, ಪ್ರಿಂಟ್ ಆದ ಪೌಚೋ? ಫೋನಲ್ಲಿ ಇಬ್ಬರಿಗೂ ಅರ್ಥವಾಗಿತ್ತು, ಆದರೆ ಬೇರೆ ಬೇರೆ ಅರ್ಥ ಇರಬಹುದು. ಅದಕ್ಕೇ ಮಾತಾಡಿದ್ದನ್ನೆಲ್ಲ ಬರೆದ ಇಮೇಲ್ ಇವತ್ತೇ ಹೋಗಬೇಕು. ನಾಳೆಗೆ ಬಿಟ್ಟರೆ ಚೀಟಿಯಲ್ಲಿ ಗೀಚಿಕೊಂಡ "10, ಶುಕ್ರ, 5 ಕಲರ್" ಯಾವುದಕ್ಕೆ ಸೇರಿದ್ದು ಅನ್ನುವುದು ನನಗೇ ಮಸುಕಾಗುತ್ತದೆ.

ವಿಷಯದ ಸಾಲು ಹೀಗೆ ಬರೆದೆ: "ಖಾರ ಮಂಡಕ್ಕಿ ಪೌಚ್, 17 ಜೂನ್ ಫೋನ್ ಮಾತುಕತೆ, ಗುರುವಾರದೊಳಗೆ 3 ಉತ್ತರ ಬೇಕು." ಬರೀ "ಪೌಚ್ ಬಗ್ಗೆ" ಅಂದಿದ್ದರೆ ಮೂರು ವಾರದ ಮೇಲೆ ಹುಡುಕಿದರೂ ಸಿಗುವುದಿಲ್ಲ.

ಒಪ್ಪಿದ್ದರಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಪ್ರಮಾಣ. ಸಾಹುಕಾರ್ರು ಹೇಳಿದ್ದು "ಹತ್ತು ಸಾವಿರ". ಅವರ ಲೆಕ್ಕ ಪೌಚಿನದು, ಪ್ರಿಂಟರ್ ದರ ಹೇಳುವುದು ಕಿಲೋಗೆ. ಎರಡನ್ನೂ ಒಂದೇ ಸಾಲಿನಲ್ಲಿ ತರದಿದ್ದರೆ ಬಿಲ್ ಬಂದ ದಿನ ಜಗಳ. ಪೌಚ್ 200 ಮಿ.ಮೀ. ಅಗಲ, 300 ಮಿ.ಮೀ. ಎತ್ತರ. ಎರಡು ಬದಿ ಸೇರಿ 0.12 ಚದರ ಮೀಟರ್. ನಾವು ಮಾತಾಡಿದ ಎರಡು ಪದರದ ಫಿಲ್ಮು ಮಸಿ, ಅಂಟು ಸೇರಿ ಚದರ ಮೀಟರಿಗೆ ಸುಮಾರು 66 ಗ್ರಾಂ ತೂಗುತ್ತದೆ. ಅಲ್ಲಿಗೆ ಒಂದು ಪೌಚು ಹತ್ತಿರ ಹತ್ತಿರ 8 ಗ್ರಾಂ, ಹತ್ತು ಸಾವಿರಕ್ಕೆ 80 ಕಿಲೋ. ಮೇಲಿನಲ್ಲಿ ಬರೆದದ್ದು: "10,000 ಪೌಚ್, ಅಂದರೆ ಅಂದಾಜು 80 ಕಿಲೋ." ಬೇರೆಯಾಗಿ: "ಪ್ರಿಂಟರ್ ಶೇ 10ರಷ್ಟು ಹೆಚ್ಚು ಅಥವಾ ಕಡಿಮೆ ಕೊಡಬಹುದು, ಬಿಲ್ ಬಂದಷ್ಟು ಕಿಲೋಗೆ." ಈ ಶೇ 10ರ ಮಾತು ಫೋನಲ್ಲಿ ಬಂದಿರಲಿಲ್ಲ. ಹಾಗಾಗಿ ಅದನ್ನು ಒಪ್ಪಿದ್ದರ ಕೆಳಗೆ ಸೇರಿಸಲಿಲ್ಲ. "ಫೋನಲ್ಲಿ ಹೇಳಲು ಬಿಟ್ಟುಹೋಗಿತ್ತು, ನಿಮಗೆ ಒಪ್ಪಿಗೆಯೇ?" ಅಂತ ಪ್ರಶ್ನೆಯಾಗಿ ಕೇಳಿದೆ. ಮಾತಾಡದ್ದನ್ನು ಮಾತಾಡಿದ್ದರ ಜೊತೆ ನುಸುಳಿಸಿದರೆ ಮುಂದಿನ ಮೇಲನ್ನು ಅವರು ನಂಬುವುದಿಲ್ಲ.

ಎರಡನೇ ಪ್ರಶ್ನೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು. ಭಟ್ಟಿಯ ಗದ್ದಲದಲ್ಲಿ ಹೇಳಿದ್ದನ್ನು ಬರೆದುಕೊಂಡು ಎಣಿಸಿದರೆ 13 ಅಂಕಿ. ಇರಬೇಕಾದ್ದು 14. ಯಾವುದು ತಪ್ಪಿತು ಅಂತ ಊಹಿಸಲು ಹೋಗಲಿಲ್ಲ, ಲೈಸೆನ್ಸಿನ ಫೋಟೋ ಕೇಳಿದೆ. ಮೂರನೆಯದು, ಪ್ಯಾಕ್ ಮಾಡಿದ ಮೇಲೆ ಎಷ್ಟು ದಿನದೊಳಗೆ ತಿಂದರೆ ಒಳ್ಳೆಯದು ಅನ್ನುವ ಸಾಲು. "ಮೂರು ತಿಂಗಳು ಹಾಕ್ರಿ, ಎಲ್ರೂ ಹಾಕ್ತಾರೆ" ಅಂದಿದ್ದರು. ಬರೀ ಮಂಡಕ್ಕಿ ಬೇರೆ, ಎಣ್ಣೆ ಒಗ್ಗರಣೆ ಬಿದ್ದ ಖಾರ ಮಂಡಕ್ಕಿ ಬೇರೆ. ಎಣ್ಣೆ ಕಮಟು ಹಿಡಿಯುತ್ತದೆ. ಪ್ಯಾಕ್ ಮಾಡಿ ಇಟ್ಟು ನೋಡಿದವರೇ ಆ ಸಂಖ್ಯೆ ಹೇಳಬೇಕು, ಡಿಸೈನ್ ಮಾಡುವ ನಾನಲ್ಲ. ಮೇಲಿನಲ್ಲಿ ಆ ಜಾಗ ಖಾಲಿ ಬಿಟ್ಟು, ಉತ್ತರ ಕೊಡಬೇಕಾದವರು ಅವರೇ ಅಂತ ಬರೆದೆ.

ಗಡುವುಗಳನ್ನು ವಾರ, ತಾರೀಖು ಎರಡೂ ಸೇರಿಸಿ, ಯಾರ ಕೆಲಸ ಅನ್ನುವುದನ್ನೂ ಹೇಳಿ ಹಾಕಿದೆ. 19 ಗುರುವಾರ ಸಂಜೆ 5ಕ್ಕೆ ಅವರ ಮೂರು ಉತ್ತರ. 20 ಶುಕ್ರವಾರ ನನ್ನಿಂದ ಡಿಸೈನ್ ಪಿಡಿಎಫ್. 23 ಸೋಮವಾರ ಅವರ ಒಪ್ಪಿಗೆ, ಆಮೇಲೆ ಪ್ರಿಂಟ್ ಮಾಡುವ ಸಿಲಿಂಡರ್ ಕೆತ್ತನೆ. ಪೌಚ್ ಬರುವ ದಿನ ಹಾಕಲಿಲ್ಲ. ಅದನ್ನು ಪ್ರಿಂಟರ್ ಹೇಳಬೇಕು, ಕೇಳಿ 20ಕ್ಕೇ ತಿಳಿಸುತ್ತೇನೆ ಅಂತಷ್ಟೇ. ಉತ್ತರ ಒಂದು ದಿನ ತಡವಾದರೆ ಮುಂದಿನದೆಲ್ಲ ಒಂದೊಂದು ದಿನ ಸರಿಯುತ್ತದೆ ಅನ್ನುವುದನ್ನೂ ಸೇರಿಸಿದೆ.

"ಉತ್ತರ ಬರದಿದ್ದರೆ ಒಪ್ಪಿಗೆ ಅಂದುಕೊಳ್ಳುತ್ತೇನೆ" ಅನ್ನುವ ಸಾಲು ಬರೆದು ಅಳಿಸಿದೆ. ಬಣ್ಣದ ಛಾಯೆಯಂಥದ್ದಕ್ಕೆ ಅದು ನಡೆದೀತು. ಇಲ್ಲಿ ಐದು ಬಣ್ಣಕ್ಕೆ ಐದು ಸಿಲಿಂಡರ್, ಕೆತ್ತಿದ ಮೇಲೆ ಒಂದು ಅಂಕಿ ತಪ್ಪು ಅಂದರೂ ಆ ಬಣ್ಣದ ಸಿಲಿಂಡರಿಗೆ ಮತ್ತೆ ದುಡ್ಡು. ಅದಕ್ಕೇ "ನಿಮ್ಮ ಒಪ್ಪಿಗೆ ಬರಹದಲ್ಲಿ ಬರುವವರೆಗೆ ಕೆತ್ತನೆಗೆ ಕೊಡುವುದಿಲ್ಲ" ಅಂತ ಮಾಡಿದೆ.

ಆರೂಕಾಲಿಗೆ ಮೇಲ್ ಹೋಯಿತು. ಅವರು ಮೇಲ್ ತೆಗೆಯುವುದು ಅಪರೂಪ, ವಾಟ್ಸಾಪಿನಲ್ಲಿ "ಸರ್, ಮೇಲ್ ಕಳ್ಸೀನಿ, ಮೂರು ಪ್ರಶ್ನೆ ಅದಾವ" ಅಂತಲೂ ಹಾಕಿದೆ.

ರಾತ್ರಿ ಒಂಬತ್ತಕ್ಕೆ ಉತ್ತರ ಬಂತು. "ಓಕೆ." ಅಷ್ಟೇ. ಶೇ 10ಕ್ಕೆ ಓಕೆಯೋ, ತಾರೀಖಿಗೋ? ಲೈಸೆನ್ಸಿನ ಫೋಟೋ ಇಲ್ಲ, ದಿನದ ಸಂಖ್ಯೆಯೂ ಇಲ್ಲ. ಬೆಳಿಗ್ಗೆ ಭಟ್ಟಿ ಹಚ್ಚುವ ಮೊದಲೇ ಫೋನ್ ಮಾಡಿ, ಆ ಮೇಲಿಗೇ ಮರುತ್ತರವಾಗಿ ಮೂರಕ್ಕೂ ಬೇರೆ ಬೇರೆ ಬರೆದು ಕಳಿಸಲು ಕೇಳಬೇಕು.