6-3-2025ನೇ ಬುಧವಾರ

ಆ ತಾರೀಖು ಗುರುವಾರ. ಯಾವ ಕ್ಯಾಲೆಂಡರ್ ತೆಗೆದು ನೋಡಿದರೂ ಗುರುವಾರವೇ. ನಾನು ಪೇಜ್ ಮಾಡಿಕೊಟ್ಟ ಮುನ್ನೂರು ಗೃಹಪ್ರವೇಶದ ಪತ್ರಿಕೆಗಳಲ್ಲಿ ಮಾತ್ರ ಬುಧವಾರ. ವರ್ಷ ಕಳೆದರೂ ಪ್ರೆಸ್ಸಿನಲ್ಲಿ ಯಾರಾದರೂ "ಬುಧವಾರ" ಅಂದರೆ ಹುಡುಗರು ನನ್ನ ಕಡೆ ತಿರುಗುತ್ತಾರೆ.

ಫೆಬ್ರವರಿಯಲ್ಲಿ ಒಬ್ಬ ಗಿರಾಕಿ ವಾಟ್ಸಾಪಿನಲ್ಲಿ ಇಂಗ್ಲಿಷ್ ಮ್ಯಾಟರ್ ಕಳಿಸಿದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಫ್ಲ್ಯಾಟ್ ಕೊಂಡಿದ್ದರು. ನಮ್ಮ ಗೂಡು ಸೇರುತ್ತಿದ್ದೇವೆ, ಬಂದು ನಗು ತುಂಬಿ ಅನ್ನುವ ಧಾಟಿ. ಕೊನೆಗೆ 'ಯುವರ್ ಪ್ರೆಸೆನ್ಸ್ ಈಸ್ ಅವರ್ ಪ್ರೆಸೆಂಟ್'. "ಕನ್ನಡದಲ್ಲಿ ಟ್ರೆಡಿಷನಲ್ ಆಗಿ ಮಾಡಿಕೊಡಿ, ಊರಲ್ಲಿ ಹಂಚೋದು" ಅಂದರು. ಜೊತೆಗೆ ಪುರೋಹಿತರು ಬರೆದುಕೊಟ್ಟ ಚೀಟಿಯ ಫೋಟೊ. ನಮ್ಮ ಓನರ್ ಎಂದಿನಂತೆ "ಹಳೇ ಫೈಲ್ ತೆಗಿ, ಹೆಸರು ಬದಲಾಯಿಸು, ಸಂಜೆ ಪ್ಲೇಟಿಗೆ ಹೋಗಬೇಕು" ಅಂದುಬಿಟ್ಟರು.

ಪ್ರೆಸೆನ್ಸ್, ಪ್ರೆಸೆಂಟ್ ಅನ್ನುವ ಆಟ ಕನ್ನಡಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. 'ಆಶೀರ್ವಾದವೇ ಉಡುಗೊರೆ' ಅಂತ ಎರಡು ಪದ ಸಾಕು. ಗೂಡು, ನಗು ಎಲ್ಲ ಹೋಗಿ ಅದರ ಜಾಗಕ್ಕೆ 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ತೀರ್ಥಪ್ರಸಾದ ಸ್ವೀಕರಿಸಿ, ನಮ್ಮನ್ನು ಆಶೀರ್ವದಿಸಬೇಕಾಗಿ ಕೋರುವ' ಬಂತು. ಹಳೇ ಫೈಲಿನಲ್ಲಿ 'ನಾವು ನೂತನವಾಗಿ ನಿರ್ಮಿಸಿರುವ' ಅಂತಿತ್ತು. ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟನ್ನು ಇವರು ನಿರ್ಮಿಸಿಲ್ಲ. 'ಖರೀದಿಸಿರುವ' ಅಂತ ಹಾಕಿದರೆ ರಿಜಿಸ್ಟ್ರಾರ್ ಆಫೀಸಿನ ಪತ್ರದ ಹಾಗೆ ಕೇಳುತ್ತದೆ. 'ನಮ್ಮ ನೂತನ ಗೃಹದ ಪ್ರವೇಶ ಮತ್ತು ವಾಸ್ತುಶಾಂತಿ' ಅಂತ ಕ್ರಿಯಾಪದವನ್ನೇ ಕೈಬಿಟ್ಟೆ. ಇದನ್ನು ಈಗಲೂ ಒಳ್ಳೆಯ ಕೆಲಸ ಅಂತಲೇ ಅಂದುಕೊಳ್ಳುತ್ತೇನೆ.

ಎಡವಿದ್ದು ಚೀಟಿಯ ಹತ್ತಿರ. ಅದರಲ್ಲಿ 'ಫಾಲ್ಗುಣ ಶುದ್ಧ ಸಪ್ತಮಿ, ಬುಧವಾರ ರಾತ್ರಿ 5-40, ಕುಂಭ ಲಗ್ನ' ಅಂತ ಬರೆದಿತ್ತು. ಇಂಗ್ಲಿಷ್ ಮ್ಯಾಟರಿನಲ್ಲಿ ಆರನೇ ತಾರೀಖು, ಗುರುವಾರ, ಬೆಳಿಗ್ಗೆ 5-40. ರಾತ್ರಿ ಐದು ನಲವತ್ತು ಎಲ್ಲಿಂದ ಬಂತು ಅಂತ ಗೋಡೆಯ ಕ್ಯಾಲೆಂಡರ್ ನೋಡಿದೆ. ಬುಧವಾರದ ಮನೆಯಲ್ಲಿ ಷಷ್ಠಿ, ಗುರುವಾರದ ಮನೆಯಲ್ಲಿ ಸಪ್ತಮಿ. ಚೀಟಿಯಲ್ಲಿ ಸಪ್ತಮಿ ಇದೆ, ಇಂಗ್ಲಿಷಿನಲ್ಲಿ ಗುರುವಾರ ಇದೆ, ಕ್ಯಾಲೆಂಡರ್ ಎರಡನ್ನೂ ಒಂದೇ ಮನೆಯಲ್ಲಿ ತೋರಿಸುತ್ತಿದೆ. ಪುರೋಹಿತರು ಆತುರದಲ್ಲಿ ವಾರ ತಪ್ಪು ಬರೆದಿದ್ದಾರೆ ಅಂತ ತೀರ್ಮಾನಿಸಿ 'ಸಪ್ತಮಿ ಗುರುವಾರ ಬೆಳಿಗ್ಗೆ' ಅಂತ ತಿದ್ದಿ ಪ್ರೂಫ್ ಕಳಿಸಿದೆ. ತಿದ್ದಿದ್ದೇನೆ ಅಂತ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಸಂಜೆ ಐದಕ್ಕೆ ಗಿರಾಕಿಯ ಜೊತೆ ಅವರ ತಾತ ಬಂದರು. ಪ್ರಿಂಟ್ ಔಟನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳು ಆಡಿಸುತ್ತ ಓದಿ, ಒಂದು ಕಡೆ ನಿಲ್ಲಿಸಿದರು. "ಯಾರಮ್ಮ ಇದು ಗುರುವಾರ ಮಾಡಿದ್ದು?"

ನಾನು ಕ್ಯಾಲೆಂಡರ್ ತೋರಿಸಿದೆ.

"ಹೊತ್ತು ಹುಟ್ಟದೆ ವಾರ ಹೆಂಗಮ್ಮ ಬದಲಾಗುತ್ತೆ? ಐದು ನಲವತ್ತಕ್ಕೆ ಸೂರ್ಯ ಬಂದಿರ್ತಾನಾ?"

ಮಾರ್ಚ್ ಮೊದಲ ವಾರದಲ್ಲಿ ನಮ್ಮ ಕಡೆ ಸೂರ್ಯೋದಯ ಸುಮಾರು ಆರೂವರೆಗೆ. ಪಂಚಾಂಗದಲ್ಲಿ ವಾರ ಬದಲಾಗುವುದು ಆಗಲೇ ಹೊರತು ನಡುರಾತ್ರಿ ಹನ್ನೆರಡಕ್ಕಲ್ಲ. ತಿಥಿ ಹಾಗಲ್ಲ, ಹಗಲು ರಾತ್ರಿ ನೋಡದೆ ತನ್ನ ಹೊತ್ತಿಗೆ ತಾನು ಬದಲಾಗುತ್ತದೆ. ಆ ಬುಧವಾರ ಮಧ್ಯಾಹ್ನವೇ ಷಷ್ಠಿ ಮುಗಿದು ಸಪ್ತಮಿ ಹಿಡಿದಿತ್ತು. ಕ್ಯಾಲೆಂಡರಿನ ಮನೆಯಲ್ಲಿ ದೊಡ್ಡದಾಗಿ ಇರುವುದು ಸೂರ್ಯೋದಯದ ತಿಥಿ, ಅದು ಎಷ್ಟು ಹೊತ್ತಿನವರೆಗೆ ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಸಣ್ಣ ಅಕ್ಷರ ನಾನು ಓದಿರಲಿಲ್ಲ. ಸಪ್ತಮಿಯೂ ಸರಿ, ಬುಧವಾರವೂ ಸರಿ, ರಾತ್ರಿ 5-40 ಕೂಡ ಸರಿ. ಪುರೋಹಿತರು ಒಂದಕ್ಷರ ತಪ್ಪಿರಲಿಲ್ಲ.

ತಾತ ಬೈಯಲಿಲ್ಲ, ಸುಮ್ಮನೆ ಕುರ್ಚಿ ಎಳೆದು ಕೂತರು. ಓನರ್ ಒಳಗಿನಿಂದ "ಆಯ್ತಾ? ಆಯ್ತಾ?" ಅನ್ನುತ್ತಿದ್ದರು. ಪ್ಲೇಟ್ ಹುಡುಗ ಬಾಗಿಲಲ್ಲಿ ನಿಂತಿದ್ದ. ನಮ್ಮದು ಇನ್ನೂ ಹಳೇ ಆಸ್ಕಿ ಫಾಂಟ್, ಸಾಲಿಗೆ ಕೈ ಹಾಕಿದರೆ ಒತ್ತಕ್ಷರ ಎಲ್ಲಿ ಹಾರುತ್ತದೋ ಅನ್ನುವ ಭಯ. 'ಗುರುವಾರ ಬೆಳಿಗ್ಗೆ' ಇದ್ದಷ್ಟೇ ಜಾಗ ಸೆಲೆಕ್ಟ್ ಮಾಡಿ 'ಬುಧವಾರ ರಾತ್ರಿ' ಅಂತ ಹೊಡೆದೆ. ತಾತನಿಗೆ ಸ್ಕ್ರೀನ್ ತಿರುಗಿಸಿ ತೋರಿಸಿದೆ. ಅವರ ಬೆರಳು 'ಬುಧವಾರ'ದ ಮೇಲೆ ನಿಂತು "ಹೂಂ" ಅಂದಿತು. ಅದರ ಎಡಕ್ಕೇ ಇದ್ದ 6-3-2025 ಅನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಎರಡೇ ನಿಮಿಷದಲ್ಲಿ ಫೈಲ್ ಹೋಯಿತು.

ನಾಲ್ಕನೇ ದಿನ ಗಿರಾಕಿಯ ಫೋನ್. ಊರಲ್ಲಿ ನಲವತ್ತು ಕಾರ್ಡ್ ಹಂಚಿ ಆಗಿದೆ, ಸೋದರಮಾವ ಬುಧವಾರ ಊಟಕ್ಕೆ ಅಂತ ಬಸ್ ಬುಕ್ ಮಾಡಿಕೊಂಡಿದ್ದಾರೆ. ಕಾರ್ಡ್ ತೆಗೆದು ನೋಡಿದೆ. '6-3-2025ನೇ ಬುಧವಾರ ರಾತ್ರಿ 5-40ಕ್ಕೆ'. ಅದರ ಕೆಳಗೆ ಹಳೇ ಫೈಲಿನಿಂದ ಹಾಗೇ ಉಳಿದ ಸಾಲು: 'ಅದೇ ದಿನ ಮಧ್ಯಾಹ್ನ 12-30ಕ್ಕೆ ಭೋಜನ'.

ಯಾವ ದಿನ? ತಾರೀಖು ನಂಬಿದವರಿಗೆ ಗುರುವಾರ, ವಾರ ನಂಬಿದವರಿಗೆ ಬುಧವಾರ. ತಾರೀಖು ತಿದ್ದಿ 5 ಅಂತ ಮಾಡಿದರೂ 'ಅದೇ ದಿನ' ಜನರನ್ನು ಬುಧವಾರವೇ ಊಟಕ್ಕೆ ಕರೆಯುತ್ತದೆ. ಹೊಸಿಲು ದಾಟುವ ಮುನ್ನ, ಹಾಲುಕ್ಕಿಸುವ ಮುನ್ನ, ಬಾಗಿಲಿಗೆ ಬೀಗ ಇರುವಾಗ! ನಸುಕಿನ ಮುಹೂರ್ತಕ್ಕೆ ಬರುವವರು ಮನೆಯವರು, ತೀರಾ ಹತ್ತಿರದವರು. ಉಳಿದವರೆಲ್ಲ ಓದುವುದು ಊಟದ ಸಾಲು. ಅದು ನನ್ನ ತಲೆಗೆ ಹೋಗಿರಲೇ ಇಲ್ಲ. ಮೇಲಿನ ಸಂಸ್ಕೃತದ ಸಾಲಿಗೇ ನನ್ನ ಶ್ರದ್ಧೆಯೆಲ್ಲ ಖರ್ಚಾಗಿತ್ತು.

ಸ್ಟಿಕ್ಕರ್ ಅಂಟಿಸೋಣ ಅಂದರು ಓನರ್. ಶುಭಪತ್ರಿಕೆಗೆ ತೇಪೆ ಹಾಕುವುದೇ ಅಂತ ಗಿರಾಕಿ ಒಪ್ಪಲಿಲ್ಲ. ಮುನ್ನೂರನ್ನೂ ಮತ್ತೆ ಹೊಡೆದೆವು, ಅರ್ಧ ಖರ್ಚು ನನ್ನ ಸಂಬಳದಲ್ಲಿ ಹಿಡಿದರು. ಚೀಟಿಯನ್ನೂ ಇಂಗ್ಲಿಷ್ ಮ್ಯಾಟರನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಈ ಸಲ ಕೂಡಿಸಿದ್ದು ಹೀಗೆ:

'ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ ವರುಷ 1946ನೇ ಶ್ರೀ ಕ್ರೋಧಿ ನಾಮ ಸಂವತ್ಸರದ ಉತ್ತರಾಯಣ, ಶಿಶಿರ ಋತು, ಫಾಲ್ಗುಣ ಶುದ್ಧ ಸಪ್ತಮಿ, 5-3-2025ನೇ ಬುಧವಾರ ರಾತ್ರಿ, ಬೆಳಗಾದರೆ 6-3-2025ನೇ ಗುರುವಾರ, ಬೆಳಗಿನ ಜಾವ 5-40ಕ್ಕೆ ಸಲ್ಲುವ ಶುಭ ಕುಂಭ ಲಗ್ನದಲ್ಲಿ'.

'ಬೆಳಗಾದರೆ' ಅನ್ನುವ ಪದ ತಾತ ಫೋನಿನಲ್ಲಿ ಹೇಳಿಕೊಟ್ಟಿದ್ದು. ಹಳೇ ಪತ್ರಿಕೆಗಳಲ್ಲಿ ಇರುತ್ತಿತ್ತಂತೆ. ಆ ಒಂದು ಪದ ಪಂಚಾಂಗದವರನ್ನೂ ಬಸ್ ಹತ್ತುವವರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಭೋಜನದ ಸಾಲಿನಲ್ಲಿ 'ಅದೇ ದಿನ' ತೆಗೆದು '6-3-2025ನೇ ಗುರುವಾರ ಮಧ್ಯಾಹ್ನ' ಅಂತ ಬಿಡಿಸಿ ಬರೆದೆ. ಹಳೇ ಫೈಲಿನಿಂದ ಆ ಎರಡು ಪದ ಅವತ್ತೇ ಅಳಿಸಿದ್ದೇನೆ. ಸಂವತ್ಸರದ ಹೆಸರನ್ನೂ ಅಳಿಸಿ ಅಲ್ಲಿ ಚುಕ್ಕಿ ಇಟ್ಟಿದ್ದೇನೆ. ಯುಗಾದಿ ಕಳೆದು ವಿಶ್ವಾವಸು ಬಂದ ಮೇಲೂ ಪಕ್ಕದ ಟೇಬಲ್‌ನವರು ಎರಡು ಕಾರ್ಡಿಗೆ ಕ್ರೋಧಿಯನ್ನೇ ಹೊಡೆದುಕೊಟ್ಟಿದ್ದರು.

ಅಷ್ಟುದ್ದದ ಸಾಲು ಕಾರ್ಡಿನಲ್ಲಿ ಹಿಡಿಯಲಿಲ್ಲ. ಮನೆಯ ಹೆಸರು ಚಿಕ್ಕದು ಮಾಡಬಾರದು ಅಂತ ಗಿರಾಕಿ, ಪಾಯಿಂಟ್ ಇಳಿಸಿದರೆ ಮಸಿ ತುಂಬಿಕೊಳ್ಳುತ್ತೆ ಅಂತ ಮಷಿನ್ ಹುಡುಗ. ಕೊನೆಗೆ ಮೇಲಿನ ಗಣಪತಿಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದೆ. ಹೊಸ ಕಾರ್ಡ್ ಕೈಗೆ ಬಂದ ದಿನ ತಾತ ಫೋನ್ ಮಾಡಿದರು. ಎದೆ ಢವಗುಟ್ಟಿತು.

"ವಾರ, ತಾರೀಖು ಎಲ್ಲ ಸರಿ ಇದೆ ಕಣಮ್ಮ. ವಿನಾಯಕ ಯಾಕೆ ಇಷ್ಟು ಸೊರಗಿದಾನೆ?"