ಸೀಮಂತದ ಹಿಂದಿನ ದಿನ ಬಂದ ಸ್ಮೂದನಿಂಗ್ ಬುಕಿಂಗ್

ನಮ್ಮ ಸಲೂನ್‌ನ ಶನಿವಾರದ ಬುಕಿಂಗ್ ಶೀಟ್‌ನಲ್ಲಿ ಇದ್ದದ್ದು ಇಷ್ಟೇ: "ಸ್ಮೂದನಿಂಗ್, ಉದ್ದ ಕೂದಲು, ಅಡ್ವಾನ್ಸ್ ಬಂದಿದೆ." ಬಾಗಿಲು ತಳ್ಳಿಕೊಂಡು ಬಂದವರು ಏಳು ತಿಂಗಳ ಬಸುರಿ. ಮರುದಿನ ಸೀಮಂತ. ಜೊತೆಗಿದ್ದ ನಾದಿನಿ ಅತ್ತಿಗೆಗೆ ಉಡುಗೊರೆ ಅಂತ ಪ್ಯಾಕೇಜ್ ಬುಕ್ ಮಾಡಿದ್ದರು. ರಿಸೆಪ್ಶನ್ ಹುಡುಗಿ ಫೋನಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟೂ ಇರಲಿಲ್ಲ.

ಕ್ರೀಮ್ ಹಚ್ಚಿ ಐರನ್ ಎಳೆದು ಕೂದಲು ನೇರ ಮಾಡೋ ಈ ಕೆಲಸ ಈಗ ಬೇಡ ಅಂತ ನಾನು ಹೇಳುತ್ತಿದ್ದ ಹಾಗೇ ಮ್ಯಾನೇಜರ್ ಆ ಕ್ರೀಮಿನ ಬಾಟಲಿ ತಂದು ಕೌಂಟರ್ ಮೇಲಿಟ್ಟರು. ಮುಂದುಗಡೆ ದಪ್ಪ ಅಕ್ಷರದಲ್ಲಿ 'ಫಾರ್ಮಾಲ್ಡಿಹೈಡ್ ಫ್ರೀ' ಅಂತ ಇತ್ತು. "ಬರೆದೇ ಇದೆ ಅಲ್ವಾ? ಸುಮ್ನೆ ಕಸ್ಟಮರ್‌ನ ಹೆದರಿಸಬೇಡಿ, ಶುರು ಮಾಡಿ" ಅಂದರು. ನಾದಿನಿ ನನ್ನ ಮುಖ ನೋಡಿದರು, ಅತ್ತಿಗೆ ನಾದಿನಿ ಮುಖ ನೋಡಿದರು. ಹಿಂದೆ ಎರಡು ಚೇರ್ ತುಂಬಿತ್ತು, ಎಲ್ಲರ ಕಿವಿ ಇತ್ತಲೇ.

ನಾನು ಬಾಟಲಿ ತಿರುಗಿಸಿದೆ. ಹಿಂದಿನ ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದು. ಮೊಬೈಲ್ ಟಾರ್ಚ್ ಹಾಕಿ, ಬೆರಳಿಟ್ಟು ಒಂದೊಂದೇ ಹೆಸರು ಓದಿದೆ. ಫಾರ್ಮಾಲ್ಡಿಹೈಡ್ ಅನ್ನೋ ಪದ ನಿಜಕ್ಕೂ ಇರಲಿಲ್ಲ. ಆದರೆ ಪಟ್ಟಿಯ ಮೊದಲ ಸಾಲಿನಲ್ಲೇ ಗ್ಲಯಾಕ್ಸಿಲಿಕ್ ಆಸಿಡ್ ಇತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ನಮ್ಮ ಕೆಲಸದವರಲ್ಲೇ ಬಹಳ ಜನ ಮುಂದುಗಡೆ ಓದಿ ಸಾಕು ಮಾಡುತ್ತಾರೆ. ಸ್ಮೂದನಿಂಗ್‌ಗೆ ಬಳಸೋ ಹಳೆಯ ಕೆರಾಟಿನ್ ಕ್ರೀಮ್‌ಗಳಲ್ಲಿ ಫಾರ್ಮಾಲ್ಡಿಹೈಡ್ ನೀರಿನ ಜೊತೆ ಸೇರಿ ಮಿಥೈಲೀನ್ ಗ್ಲೈಕಾಲ್ ಆಗಿ ಕೂತಿರುತ್ತದೆ. ಬಾಟಲಿಯಲ್ಲಿ ಅದು ದ್ರವ. ಕೂದಲಿಗೆ ಹಚ್ಚಿ, ಒಣಗಿಸಿ, 200 ಡಿಗ್ರಿ ದಾಟಿದ ಐರನ್ ಎಳೆದಾಗ ಮತ್ತೆ ಗ್ಯಾಸ್ ಆಗಿ ಹೊರಗೆ ಬರುತ್ತದೆ. ಕಣ್ಣು ಉರಿಯೋದು, ಗಂಟಲು ಕೆರೆಯೋದು ಅದರಿಂದಲೇ. ಲೇಬಲ್ ಮೇಲೆ ಫಾರ್ಮಾಲ್ಡಿಹೈಡ್ ಇಲ್ಲ ಅಂತ ಹಾಕಿ ಒಳಗೆ ಮಿಥೈಲೀನ್ ಗ್ಲೈಕಾಲ್ ಇಟ್ಟಿದ್ದ ಒಂದು ಕಂಪನಿಗೆ 2011ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿತ್ತು. ಫಾರ್ಮಲಿನ್, ಮೆಥನಾಲ್ ಅಲ್ಲದ 'ಮೆಥನಲ್', ಮಿಥೈಲೀನ್ ಗ್ಲೈಕಾಲ್, ಇವೆಲ್ಲ ಒಂದೇ ಮನೆಯ ಹೆಸರುಗಳು.

ಆಮೇಲೆ ಬಂದದ್ದು ಗ್ಲಯಾಕ್ಸಿಲಿಕ್ ಆಸಿಡ್ ಇರೋ ಕ್ರೀಮ್‌ಗಳು. ಇವೂ ಐರನ್ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡಬಹುದು. ಅದರ ಮೇಲೆ ಇನ್ನೊಂದು ತೊಂದರೆ: ಇದು ತಲೆ ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡದಲ್ಲಿ ಹರಳು ಕಟ್ಟಿ ಕೆಲವರಿಗೆ ದಿಢೀರ್ ಪೆಟ್ಟು ಕೊಟ್ಟ ಪ್ರಕರಣಗಳು ವರದಿಯಾಗಿವೆ. 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಕರಣದ ಹೆಂಗಸು ಬಸುರಿ ಅಲ್ಲ, 26 ವರ್ಷದವರು. ಪ್ರತಿ ಸಲ ಸಲೂನ್‌ನಲ್ಲಿ ಕೂದಲು ನೇರ ಮಾಡಿಸಿದ ಮೇಲೆ ಅವರಿಗೆ ಅದೇ ತೊಂದರೆ ಆಗಿತ್ತು. ಅಂಥದ್ದನ್ನು ಏಳು ತಿಂಗಳಲ್ಲಿ ಯಾಕೆ ತಲೆಗೆ ಹಚ್ಚಬೇಕು?

ಇಷ್ಟನ್ನು ಮ್ಯಾನೇಜರ್‌ಗೆ ಮೆಲ್ಲಗೆ ಹೇಳುವಷ್ಟರಲ್ಲಿ ಅತ್ತಿಗೆ ಕರ್ಚೀಫು ಮೂಗಿಗೆ ಹಿಡಿದಿದ್ದರು. ಪಕ್ಕದ ಚೇರ್‌ನಲ್ಲಿ ಬೇರೆಯವರಿಗೆ ಅದೇ ಸ್ಮೂದನಿಂಗ್ ಐರನ್ ನಡೀತಿತ್ತು. ಎಸಿ ಹಾಕಿ ಕಿಟಕಿ ಮುಚ್ಚಿದ ರೂಮು. ಅತ್ತಿಗೆಯ ತಲೆಗೆ ನಾವು ಹಚ್ಚದಿದ್ದರೂ ಆ ಹೊಗೆ ಎಲ್ಲರದ್ದೂ. ಅವರನ್ನು ಎಬ್ಬಿಸಿ ಮುಂದಿನ ಬ್ರೈಡಲ್ ರೂಮಿಗೆ ಕರೆದುಕೊಂಡು ಹೋದೆ, ಕಿಟಕಿ ತೆಗೆಸಿದೆ. ಎಸಿ ಅದೇ ಗಾಳಿ ತಿರುಗಿಸುತ್ತೆ ಅಷ್ಟೇ, ಹೊರಗೆ ಹಾಕೋದಿಲ್ಲ. ಎಕ್ಸಾಸ್ಟ್ ಫ್ಯಾನ್ ಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ.

ಕೂತ ಮೇಲೆ ನಾದಿನಿ ಬ್ಯಾಗಿನಿಂದ ಒಂದು ಪ್ಯಾಕೆಟ್ ತೆಗೆದರು. "ಸರಿ ಅಕ್ಕ, ಸ್ಮೂದನಿಂಗ್ ಬೇಡ. ಬೈತಲೆ ಹತ್ರ ಬಿಳಿ ಕೂದಲಿದೆ, ಇದನ್ನಾದ್ರೂ ಹಚ್ಚಿ, ಹರ್ಬಲ್ಲೇ." ಕಪ್ಪು ಮೆಹಂದಿ. ಮೇಲೆ ಎಲೆಯ ಚಿತ್ರ. ಹಿಂದೆ ಪಿ-ಫಿನೈಲೀನ್‌ಡೈಅಮೀನ್, ಅಂದ್ರೆ ನಾವು ಪಿಪಿಡಿ ಅನ್ನೋದು, ಜೊತೆಗೆ ಬೇರಿಯಂ ಪೆರಾಕ್ಸೈಡ್. ಬರೀ ಮೆಹಂದಿ ಎಲೆ ಬಿಳಿ ಕೂದಲಿಗೆ ಕೊಡೋದು ಕೇಸರಿ, ಕೆಂಪು ಅಷ್ಟೇ, ಅದೂ ಗಂಟೆಗಟ್ಟಲೆ ಬಿಟ್ಟರೆ. ಸ್ವಲ್ಪ ಹೊತ್ತಿನಲ್ಲೇ ಕರೀ ಬಣ್ಣ ಬಂತು ಅಂದ್ರೆ ಒಳಗೆ ಡೈ ಇದೆ.

ಹಾಗಂತ ಬಸುರಿಯರು ಡೈ ಹಚ್ಚಲೇಬಾರದು ಅಂತ ನಾನು ಹೇಳೋದಿಲ್ಲ. ತಲೆ ಚರ್ಮದಿಂದ ಒಳಗೆ ಹೋಗೋ ಬಣ್ಣ ಬಹಳ ಕಡಿಮೆ, ಸಾಮಾನ್ಯ ಡೈಗೆ ಹೆಚ್ಚಿನ ಡಾಕ್ಟರುಗಳು ಅಡ್ಡಿ ಮಾಡೋದಿಲ್ಲ. ಮೊದಲ ಮೂರು ತಿಂಗಳು ಕಳೀಲಿ ಅಂತಾರೆ. ಬುಡ ಬಿಟ್ಟು ಫಾಯಿಲ್‌ನಲ್ಲಿ ಹೈಲೈಟ್ಸ್ ಮಾಡಿದರೆ ಚರ್ಮಕ್ಕೆ ತಾಗೋದೇ ಇಲ್ಲ. ನನ್ನ ಅಡ್ಡಿ ಇದ್ದದ್ದು ಪ್ಯಾಚ್ ಟೆಸ್ಟ್ ಮಾಡೋಕೆ ಸಮಯ ಇಲ್ಲ ಅನ್ನೋದಕ್ಕೆ. ಪಿಪಿಡಿ ಅಲರ್ಜಿ ಇಷ್ಟು ವರ್ಷ ಆಗದವರಿಗೂ ಆಗಬಹುದು, ಬಸುರಿಯಲ್ಲಿ ಚರ್ಮ ಹೇಗೆ ತಿರುಗುತ್ತೋ ಹೇಳಕ್ಕಾಗಲ್ಲ. ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಸೀಮಂತ ಮರುದಿನ ಬೆಳಿಗ್ಗೆ. ಹಣೆ, ಕಣ್ಣು ಊದಿಕೊಂಡು ಹಸೆಮಣೆ ಮೇಲೆ ಕೂರೋ ಹಾಗೆ ಮಾಡೋದು ಬೇಡ ಅಂತ ನೇರವಾಗಿ ಹೇಳಿದೆ. ಬೈತಲೆಗೆ ತೊಳೆದರೆ ಹೋಗೋ ರೂಟ್ ಟಚ್‌ಅಪ್ ಪೌಡರ್ ಬ್ರಷ್‌ನಲ್ಲಿ ಒತ್ತಿದೆ. ಮಿಕ್ಕಿದ್ದನ್ನು ಬೈತಲೆ ಬೊಟ್ಟು ಮುಚ್ಚುತ್ತೆ.

ತಲೆ ತೊಳೆಯುವಾಗಲೂ ಒಂದು ಕ್ಷಣ ಗಾಬರಿಯಾಯಿತು. ಬ್ಯಾಕ್‌ವಾಶ್‌ನಲ್ಲಿ ಮಲಗಿದ ತಕ್ಷಣ "ಅಕ್ಕ, ತಲೆ ಸುತ್ತುತ್ತಿದೆ" ಅಂದರು, ಮುಖ ಬಿಳಿಚಿತ್ತು. ದಿನ ತುಂಬುತ್ತಾ ಬಂದಾಗ ಪೂರ್ತಿ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತೆ, ರಕ್ತ ಮೇಲೆ ಬರೋದು ಕಡಿಮೆಯಾಗುತ್ತೆ. ಎಬ್ಬಿಸಿ, ಎಡಗಡೆಗೆ ತಿರುಗಿಸಿ ಕೂರಿಸಿದ ಮೇಲೆ ಸರಿಹೋಯಿತು. ಆಮೇಲೆ ಬಲ ಸೊಂಟದ ಕೆಳಗೆ ಸುತ್ತಿದ ಟವೆಲ್ ಇಟ್ಟು, ಚೇರ್ ಎತ್ತರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಸಿದೆ. ಮೈಲ್ಡ್ ಶಾಂಪೂ, ತುದಿಗೆ ಮಾತ್ರ ಕಂಡೀಷನರ್, ಅಗಲ ಹಲ್ಲಿನ ಬಾಚಣಿಗೆ, ಕಡಿಮೆ ಬಿಸಿಯ ಡ್ರೈಯರ್. ಅಷ್ಟೇ.

ನಾದಿನಿಗೆ ಬೇಸರ ಹೋಗಿದ್ದು ನಾಳೆ ಹಾಕೋದು ಮೊಗ್ಗಿನ ಜಡೆ ಅಂತ ಮಾತು ಬಂದಾಗ. ಸ್ಮೂದನಿಂಗ್ ಮಾಡಿದ ಕೂದಲು ಜಾರುತ್ತೆ, ಪಿನ್ ನಿಲ್ಲೋದಿಲ್ಲ, ಚೌರಿ ಸೇರಿಸಿ ಮೊಗ್ಗಿನ ಭಾರ ಹೊರಿಸಿದರೆ ಮಧ್ಯಾಹ್ನದೊಳಗೆ ಇಳಿದುಬಿಡುತ್ತೆ. ಅವರ ಒರಟು, ಸುರುಳಿ ಕೂದಲೇ ಜಡೆಗೆ ಒಳ್ಳೇದು.

ಹೊರಡುವಾಗ ಅತ್ತಿಗೆ ಇನ್ನೊಂದು ಕೇಳಿದರು. ಹೆರಿಗೆ ಆದ ಮೇಲೆ ಕೂದಲು ಉದುರುತ್ತಂತೆ, ಅದಕ್ಕೆ ಮನೆಯಲ್ಲಿ ಕೂದಲು ಬೆಳೆಸೋ ಔಷಧಿ ಮಿನಾಕ್ಸಿಡಿಲ್ ತಂದಿಟ್ಟಿದ್ದೇನೆ, ಈಗಲೇ ಹಚ್ಚಲಾ ಅಂತ. ಬೇಡ. ಬಸುರಿಯಲ್ಲೂ ಬೇಡ, ಎದೆಹಾಲು ಕೊಡೋವಾಗಲೂ ಸಾಮಾನ್ಯವಾಗಿ ಬೇಡ ಅಂತಲೇ ಹೇಳುತ್ತಾರೆ. ಬಸುರಿಯಲ್ಲಿ ಉದುರದೆ ನಿಂತ ಕೂದಲು ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತೆ. ಬಹಳ ಜನರಿಗೆ ವರ್ಷದೊಳಗೆ ತಾನೇ ಸರಿಹೋಗುತ್ತೆ. ಬಾಚಣಿಗೆ ತುಂಬಾ ಕೂದಲು ಬಂದರೆ ಹೆದರಬೇಡಿ, ಗುಂಡು ಗುಂಡಾಗಿ ಬೋಳಾದರೆ ಅಥವಾ ವರ್ಷವಾದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ ಅಂದೆ.

ಆ ಪ್ಯಾಕೇಜಿನ ದುಡ್ಡನ್ನು ಮ್ಯಾನೇಜರ್ ನನ್ನ ಇನ್ಸೆಂಟಿವ್‌ನಲ್ಲಿ ಲೆಕ್ಕ ಹಾಕಿಲ್ಲ. ಆದರೆ ಈಗ ರಿಸೆಪ್ಶನ್‌ನಲ್ಲಿ ಸ್ಮೂದನಿಂಗ್, ಕಲರ್ ಬುಕಿಂಗ್ ಬಂದರೆ ಮೊದಲು ಕೇಳುತ್ತಾರೆ: ಬಸುರಿಯಾ, ಎಷ್ಟು ತಿಂಗಳು, ಮಗುವಿಗೆ ಹಾಲು ಕೊಡ್ತಿದ್ದೀರಾ. ಫ್ಯಾನ್ ಮಾತ್ರ ಇನ್ನೂ ಬಂದಿಲ್ಲ. ಯಾವಾಗಲೋ ಒಂದು ಸಲ ಬರೋ ಕಸ್ಟಮರ್‌ಗಿಂತ ದಿನವಿಡೀ ಐರನ್ ಹಿಡಿಯೋ ನಮ್ಮ ಹುಡುಗಿಯರಿಗೆ ಆ ಹೊಗೆ ಜಾಸ್ತಿ, ಅವರಲ್ಲೂ ಯಾರಾದರೂ ಬಸುರಿ ಆಗುತ್ತಾರೆ. ಸೋಮವಾರದ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.