ಹೊಳವಾದ ದಿನವೇ ಮದ್ದು: ದೋಟಿ ಜಾಹೀರಾತನ್ನು ತಿರುಗಿ ಬರೆದದ್ದು

ಶಿರಸಿಯ ಕೃಷಿ ಸಲಕರಣೆ ಅಂಗಡಿಯೊಂದಕ್ಕೆ ರೇಡಿಯೋದಲ್ಲಿ 30 ಸೆಕೆಂಡಿನ ಜಾಹೀರಾತು ಬೇಕಿತ್ತು. ಮಾರಬೇಕಾದ್ದು ಅಡಿಕೆ ಮರಕ್ಕೆ ನೆಲದಿಂದಲೇ ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ. ಅಂಗಡಿಯವರು ಕಳಿಸಿದ ಬರಹ ಹೀಗಿತ್ತು:

"ಅತ್ಯಾಧುನಿಕ ತಂತ್ರಜ್ಞಾನದ, ಅಪ್ಪಟ ಕಾರ್ಬನ್ ಫೈಬರಿನ, 60 ಅಡಿ ಉದ್ದದ, ಹಗುರವಾದ, ಗಟ್ಟಿ ಲಾಕ್ ಇರುವ, ತುಕ್ಕು ಹಿಡಿಯದ, ಕೊಯ್ಯುವ ಕತ್ತಿಯನ್ನೂ ಜೋಡಿಸಬಹುದಾದ ದೋಟಿ. ಒಂದು ವರ್ಷದ ವಾರಂಟಿ. ಸುಲಭ ಕಂತು. ಇಂದೇ ಭೇಟಿ ನೀಡಿ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ರೇಡಿಯೋ ಕೇಳುವವರು ಅಡಿಗೆ ಮನೆಯಲ್ಲೋ ಕೊಟ್ಟಿಗೆಯಲ್ಲೋ ಇರುತ್ತಾರೆ. ಏಳೆಂಟು ಗುಣ ಒಂದರ ಹಿಂದೊಂದು ಬಂದರೆ ಯಾವುದೂ ಕಿವಿಯಲ್ಲಿ ನಿಲ್ಲುವುದಿಲ್ಲ. "ತುಕ್ಕು ಹಿಡಿಯದ" ಎಂಬುದೂ "ನೆಲದಲ್ಲೇ ನಿಂತು ಹೊಡೆಯಬಹುದು" ಎಂಬುದೂ ಒಂದೇ ತೂಕದ ಮಾತಾಗಿಬಿಡುತ್ತವೆ.

ಮೊದಲು ಒಂದು ಹಾಳೆಯ ಎಡಕ್ಕೆ ಗುಣಗಳನ್ನು ಬರೆದು, ಪ್ರತಿಯೊಂದರ ಮುಂದೆ "ಅದರಿಂದ ತೋಟದವರಿಗೆ ಏನಾಯಿತು?" ಎಂಬ ಪ್ರಶ್ನೆ ಹಾಕಿದೆವು. ಒಂದು ಸಲ ಕೇಳಿದರೆ ಸಾಲುವುದಿಲ್ಲ, ಬಂದ ಉತ್ತರಕ್ಕೂ ಅದೇ ಪ್ರಶ್ನೆ ಕೇಳಬೇಕು. ಕಾರ್ಬನ್ ಫೈಬರ್, ಸರಿ, ಅದರಿಂದ ಏನು? ಹಗುರ. ಹಗುರವಾದರೆ ಏನು? ಮರ ಹತ್ತಲು ಬಾರದವರೂ ಎತ್ತಿ ಹಿಡಿಯಬಹುದು. ಹಿಡಿದರೆ ಏನು? ಮರ ಹತ್ತಿ ಮದ್ದು ಹೊಡೆಯುವ, ಗೊನೆ ಇಳಿಸುವ ಕೊನೆಗೌಡರ ದಾರಿ ಕಾಯದೆ ಕೆಲಸ ಮುಗಿಸಬಹುದು. ಲಾಕ್‌ನಿಂದ ಹೊರಟರೆ, ಬೇಕಾದಷ್ಟೇ ಉದ್ದ ಮಾಡಿಕೊಂಡು ಗಿಡ್ಡ ಮರ, ಎತ್ತರದ ಮರ ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸಬಹುದು, ಅಂದರೆ ಬೇಗ ಆಗುತ್ತದೆ. ಎರಡು ದಾರಿಯೂ ಕೂಡಿದ್ದು ಒಂದೇ ಕಡೆ: ಮಳೆ ಬಿಟ್ಟು ಹೊಳವಾದ ದಿನ ಕೈತಪ್ಪುವುದಿಲ್ಲ.

ಸುರಕ್ಷತೆಯೂ ಕೂಲಿ ಉಳಿತಾಯವೂ ಹಾಳೆಯಲ್ಲಿದ್ದವು. ಅವನ್ನು ಬಿಟ್ಟು ಇದನ್ನೇ ಹಿಡಿದದ್ದಕ್ಕೆ ಕಾರಣ, ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಲೆಕ್ಕ. ಮಳೆಗಾಲ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ. ಎರಡನೆಯದು 40–45 ದಿನದ ನಂತರ, ಅಂದರೆ ಆಷಾಢದ ಜಡಿಮಳೆಯ ನಡುವೆ. ಮದ್ದು ಕೊನೆಯ ಮೇಲೆ, ಅಂದರೆ ಅಡಿಕೆ ಗೊನೆಯ ಮೇಲೆ, ಒಣಗಿ ಕೂರಲು ಹೊಳವು ಬೇಕು. ಆ ದಿನ ಎಲ್ಲ ತೋಟದವರಿಗೂ ಕೊನೆಗೌಡರು ಒಟ್ಟಿಗೇ ಬೇಕು. ಜುಲೈಯಲ್ಲಿ ತೋಟದವರ ತಲೆಯಲ್ಲಿ ಮೊದಲೇ ಕೊರೆಯುತ್ತಿರುವ ಚಿಂತೆ ಅದು. ಜಾಹೀರಾತು ಅದನ್ನು ಹುಟ್ಟಿಸಬೇಕಾಗಿಲ್ಲ, ಮುಟ್ಟಿದರೆ ಸಾಕು.

ನಿಧಾನಕ್ಕೆ, ಅರ್ಥವಾಗುವಂತೆ ಓದಿದರೆ 30 ಸೆಕೆಂಡಿಗೆ ಕನ್ನಡದಲ್ಲಿ ಐವತ್ತು ಚಿಲ್ಲರೆ ಪದ ಹಿಡಿಯುತ್ತವೆ. ಸದ್ದಿಗೆ ನಾಲ್ಕೈದು ಸೆಕೆಂಡ್ ಕೊಟ್ಟರೆ ಇನ್ನೂ ಕಡಿಮೆ. ಹೊಸ ಬರಹ ಹೀಗಾಯಿತು:

(ಮಳೆ ನಿಂತು ಸೋಗೆಯಿಂದ ನೀರು ತೊಟ್ಟಿಕ್ಕುವ ಸದ್ದು)
ಭಟ್ಟರು: ಹೆಗಡೇರೇ, ಮಳೆ ಹೊಳವಾಯ್ತು. ಮದ್ದು ಹೊಡೆಸಲಿಲ್ವಾ?
ಹೆಗಡೆಯವರು: ಕೊನೆಗೌಡ್ರು ಬರೋದು ನಾಲ್ಕು ದಿನ ಬಿಟ್ಟು. ಅಷ್ಟರೊಳಗೆ ಮತ್ತೆ ಮಳೆ ಹಿಡಿದ್ರೆ?
ಭಟ್ಟರು: ನಮ್ಮಲ್ಲಿ ಬೆಳಿಗ್ಗೆನೇ ಶುರು. ಮಗ ನೆಲದಲ್ಲೇ ನಿಂತು ದೋಟಿಯಿಂದ ಹೊಡೀತಿದ್ದಾನೆ.
ನಿರೂಪಕಿ: ಹೊಳವಾದ ದಿನವೇ ಮದ್ದು. ಕಾರ್ಬನ್ ಫೈಬರ್ ದೋಟಿ. ನಿಮ್ಮ ತೋಟಕ್ಕೇ ತಂದು ತೋರಿಸುತ್ತೇವೆ.
(ಅಂಗಡಿಯ ಹೆಸರು, ಊರು)

ಇದನ್ನು ಓದಿದ ಅಂಗಡಿಯವರು "ವಾರಂಟಿ, ಕಂತು ಎರಡನ್ನಾದರೂ ಕೊನೆಗೆ ಸೇರಿಸಿ" ಎಂದರು. ತಿದ್ದುಪಡಿ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಮುಂದೆ ಒಂದು ಲಾಭ, ಹಿಂದೆ ಹಳೆಯ ಪಟ್ಟಿ ಎಂದಾದರೆ ಕೇಳುಗರ ಕಿವಿಯಲ್ಲಿ ಉಳಿಯುವುದು ಪಟ್ಟಿಯ ಕಡೆಯ ಮಾತು. ವಾರಂಟಿ, ಕಂತು ಎರಡೂ ಕರಪತ್ರಕ್ಕೆ ಹೋದವು. ದೋಟಿ ಕೊಳ್ಳಬೇಕು ಎಂದು ಹೊರಟವರು ಕೇಳುವ ಪ್ರಶ್ನೆಗಳು ಅವು, ಹೊರಡಿಸುವ ಮಾತುಗಳಲ್ಲ. "ಇಂದೇ ಭೇಟಿ ನೀಡಿ" ಎಂಬುದನ್ನು ತೆಗೆದದ್ದಕ್ಕೂ ಕಾರಣವಿದೆ. ಅಷ್ಟು ಉದ್ದದ ದೋಟಿಯನ್ನು ಅಂಗಡಿಯೊಳಗೆ ನಿಲ್ಲಿಸಿ ನೋಡಲು ಆಗುವುದಿಲ್ಲ. ಕೊಳ್ಳುವವರ ಅನುಮಾನ ತೀರುವುದು ಅವರದೇ ಮರದ ಕೆಳಗೆ.

"ಕೊಳೆರೋಗಕ್ಕೆ ವಿದಾಯ" ಎಂಬ ಸಾಲೂ ಚರ್ಚೆಗೆ ಬಂತು, ಒಪ್ಪಲಿಲ್ಲ. ರೋಗ ತಡೆಯುವುದು ಮದ್ದು, ಅದೂ ಸರಿಯಾಗಿ ತಯಾರಾಗಿ ಅಡಿಕೆ ಕೊನೆಗೆ ತಾಗಿದರೆ. ದೋಟಿ ಕೊಡಬಲ್ಲದ್ದು ಸಮಯ ಮಾತ್ರ, ಅಷ್ಟನ್ನೇ ಹೇಳಬೇಕು. ಕೊನೆಗೌಡರನ್ನು ಹಗುರ ಮಾಡುವ ಒಂದು ಮಾತೂ ಇರಬಾರದೆಂದು ನೋಡಿಕೊಂಡೆವು. ದೋಟಿ ಕೊಂಡು ದುಡಿಯುವವರಲ್ಲಿ ಅವರೂ ಇದ್ದಾರೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ ಎಂಬ ಎಚ್ಚರಿಕೆಗೆ 30 ಸೆಕೆಂಡಿನಲ್ಲಿ ಜಾಗವಿಲ್ಲ. ಅದು ಕರಪತ್ರದ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರಬೇಕು, ತೋಟಕ್ಕೆ ಹೋದವರು ತಂತಿ ಎಲ್ಲಿದೆ ಎಂದು ನೋಡಿಯೇ ದೋಟಿ ಎತ್ತಬೇಕು ಎಂದು ಬರೆದುಕೊಟ್ಟೆವು.

ಧ್ವನಿಮುದ್ರಣಕ್ಕೆ ಮೊದಲು ಪರೀಕ್ಷೆ ಸರಳ. ಬರಹ ನೋಡದವರಿಗೆ ಒಂದೇ ಸಲ ಓದಿ ಹೇಳಿ, ಬೇರೆ ಮಾತಾಡಿ, ಆಮೇಲೆ "ಏನು ಹೇಳಿದ್ರು?" ಎಂದು ಕೇಳಬೇಕು. "ಯಾವುದೋ ದೋಟಿಯಂತೆ" ಎಂದರೆ ಲಾಭ ದಾಟಿಲ್ಲ. "ಮಳೆ ಬಿಟ್ಟ ದಿನ ನಾವೇ ಹೊಡೀಬಹುದಂತೆ" ಎಂದರೆ ದಾಟಿದೆ.

ಈ ಬರಹ ನಡೆಯುವುದು ಮೇ ಕೊನೆಯಿಂದ ಜುಲೈವರೆಗೆ ಮಾತ್ರ. ಕೊಯ್ಲಿನ ಕಾಲಕ್ಕೆ ಅದೇ ದೋಟಿಗೆ ಕತ್ತಿ ಜೋಡಿಸಿದಾಗ ತೋಟದವರ ಚಿಂತೆ ಬೇರೆ, ಹಣ್ಣಾಗುವ ಮೊದಲು ಕೊನೆ ಇಳಿಸುವುದು. ಅದಕ್ಕೆ ಇದರಲ್ಲೇ ಒಂದು ಸಾಲು ತುರುಕದೆ ಬೇರೆಯೇ ಬರೆಯುವುದೆಂದು ಮಾತಾಯಿತು.